ಒಂದು ದೀರ್ಘದ ಪೆಟ್ಟು

"ಪರವಾಗಿಲ್ವೇ, ನೀವೂ ಚೆನ್ನಾಗಿ ಮಾತಾಡ್ತೀರಿ!"

ಸೋಮವಾರ ಮೀಟಿಂಗ್ ಮುಗಿದ ಮೇಲೆ ನಮ್ಮ ಹಿರಿಯ ಸಹೋದ್ಯೋಗಿ ಹೀಗಂದರು. ನಾನು ಹಲ್ಲು ಕಿರಿದು "ಥ್ಯಾಂಕ್ಸ್ ಸರ್" ಅಂದೆ. ಸೀಟಿಗೆ ಬಂದು ಕೂತ ಮೇಲೆ ಚುರ್ ಅಂತು. ನೀವು ಅಲ್ಲ, ನೀವೂ!

ಮೂರು ದಿನ ಆ ಒಂದು ದೀರ್ಘವನ್ನೇ ಜಗಿದಿದ್ದೇನೆ. "ನೀವು ಚೆನ್ನಾಗಿ ಮಾತಾಡ್ತೀರಿ" ಅಂದಿದ್ದರೆ ಅದು ಬರೀ ಹೊಗಳಿಕೆ. "ನೀವೂ" ಅಂದ ಕೂಡಲೇ ಮಾತಾಡಬಲ್ಲವರ ಸಾಲೊಂದು ಮೊದಲೇ ಇತ್ತು, ಅದರಲ್ಲಿ ನಾನಿರಲಿಲ್ಲ ಅಂತಾಯಿತು. "ಪರವಾಗಿಲ್ವೇ" ಅಂತೂ ಅವರ ಆಶ್ಚರ್ಯಕ್ಕೆ ಹಾಕಿದ ಮೊಹರು.

ಇಂಥ ಮಾತಿಗೆ ಉತ್ತರ ಕೊಡೋದು ಕಷ್ಟ. "ಇಲ್ಲ ಸರ್, ನಾನೇನು ಅಷ್ಟು ಚೆನ್ನಾಗಿ ಮಾತಾಡಲ್ಲ" ಅಂದು ನೋಡಿ. ಹೊಗಳಿಕೆ ಅಳಿಸಿಹೋಗುತ್ತದೆ, ಚುಚ್ಚು ಅಲ್ಲೇ ಇರುತ್ತದೆ. ಥ್ಯಾಂಕ್ಸ್ ಅಂದರೆ ಎರಡನ್ನೂ ಒಪ್ಪಿಕೊಂಡ ಹಾಗೆ. "ಹಾಗಂದ್ರೆ ಏನು ಸರ್?" ಅಂತ ಕೇಳಿದರೆ "ಅಯ್ಯೋ, ಹೊಗಳಿದ್ರೂ ತಪ್ಪಾ?" ಸಿದ್ಧವಾಗಿರುತ್ತದೆ. ಯಾಕೆಂದರೆ ಬೈಗುಳವನ್ನು ಅವರು ಹೇಳಿಯೇ ಇಲ್ಲ. ಅದನ್ನು ಕೇಳಿಸಿಕೊಂಡವರು ನಾವು.

ಗಂಟೆ ತಡವಾಗಿ ಬಂದವರಿಗೆ "ಬೇಗ ಬಂದ್ಬಿಟ್ರಲ್ಲ" ಅನ್ನುವ ವ್ಯಂಗ್ಯ ಇದಕ್ಕಿಂತ ಎಷ್ಟೋ ವಾಸಿ. ಅಲ್ಲಿ ಹೇಳಿದ್ದು ಸುಳ್ಳು ಅಂತ ಇಬ್ಬರಿಗೂ ಗೊತ್ತು, ಮುಚ್ಚುಮರೆ ಇಲ್ಲ. ಇಲ್ಲಿ ಹೇಳಿದ ಮಾತು ನಿಜವೇ. "ಫೋಟೋದಲ್ಲಿ ಎಷ್ಟು ಚೆನ್ನಾಗಿ ಬಂದಿದ್ದೀರಿ, ಗುರುತೇ ಸಿಗಲಿಲ್ಲ!" ಚೆನ್ನಾಗಿ ಬಂದಿರೋದು ನಿಜ, ಗುರುತು ಸಿಗದಿದ್ದೂ ನಿಜ. ಎರಡನ್ನೂ ಪಕ್ಕ ಪಕ್ಕ ಇಟ್ಟಾಗಲೇ ಹೊಗೆ ಏಳೋದು. "ನಿಮ್ಮ ಧೈರ್ಯ ಮೆಚ್ಚಬೇಕು, ನಾನಾಗಿದ್ರೆ ಈ ಬಟ್ಟೆ ಹಾಕ್ಕೊಂಡು ಹೊರಗೆ ಬರ್ತಿರಲಿಲ್ಲ" ಅನ್ನುವವರೂ ಇದ್ದಾರೆ. ಅಂಥವರಿಗೆ ಕೈ ಮುಗಿಯಬೇಕು.

ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ವ್ಯಾಜಸ್ತುತಿ ಅಂತ ಹೆಸರೇ ಇದೆ. ಹೊಗಳುವ ನೆಪದಲ್ಲಿ ತೆಗಳೋದು, ತೆಗಳುವ ನೆಪದಲ್ಲಿ ಹೊಗಳೋದು, ಎರಡೂ ಅದರೊಳಗೇ ಬರುತ್ತವೆ. ನಮ್ಮ ಸರ್ ಅಷ್ಟೆಲ್ಲ ಯೋಚಿಸಿ ಹೇಳಿರಲಿಕ್ಕಿಲ್ಲ. ಕೆಟ್ಟವರೇನಲ್ಲ, ಸ್ವಲ್ಪ ಜಾಸ್ತಿ ದೊಡ್ಡವರು ಅಷ್ಟೇ. ಬೇಕಂತಲೇ ಅಂದಿದ್ದರೆ ಕೋಪ ಮಾಡಿಕೊಂಡು ಸುಮ್ಮನಾಗುತ್ತಿದ್ದೆ. ಬಾಯಿತಪ್ಪಿ ಬಂದಿದ್ದರೆ ಇನ್ನೂ ಕಷ್ಟ. ಇಷ್ಟು ದಿನ ನನ್ನ ಬಗ್ಗೆ ಅವರು ಅಂದುಕೊಂಡಿದ್ದೇ ಅದು ಅಂತ ಅರ್ಥ, ಅಲ್ವಾ?

ಇವತ್ತು ಬೆಳಿಗ್ಗೆ ಹೊಸದಾಗಿ ಸೇರಿದ ಹುಡುಗಿ ತನ್ನ ವರದಿ ತೋರಿಸಿದಳು. ಓದಿ ನಿಜಕ್ಕೂ ಖುಷಿಯಾಯಿತು. "ಅರೆ, ಈ ಸಲ ಒಂದು ತಪ್ಪೂ ಇಲ್ವಲ್ಲ!" ಅಂದೆ.

ಅವಳು ಹಲ್ಲು ಕಿರಿದು "ಥ್ಯಾಂಕ್ಸ್ ಮೇಡಂ" ಅಂದಳು.