ನೀರಿನ ಫಿಲ್ಟರಿನ ಹಿಂದಿನ ಸರ್ಟಿಫಿಕೇಟ್

ಸೋಮವಾರದಿಂದ ಶುಕ್ರವಾರದವರೆಗೆ ನಾನು ಮಣಿಪಾಲದ ಬಾಡಿಗೆ ರೂಮಿನಲ್ಲಿ ಇರುತ್ತೇನೆ. ಶನಿವಾರ, ಭಾನುವಾರ ಮಂಗಳೂರಿನ ಮನೆ. ಮಂಡಿ ನೋವಿಗೆ ಡಾಕ್ಟರು ಮಾತ್ರೆ ಕೊಡಲಿಲ್ಲ. ತೊಡೆಯ ಸ್ನಾಯು ಗಟ್ಟಿ ಮಾಡಿ, ಜಿಮ್ಮಿಗೆ ಸೇರಿ ಅಂದರು. ಹಾಗಾಗಿ ನನಗೆ ಬೇಕಿದ್ದದ್ದು ಎರಡೂ ಊರಿನಲ್ಲಿ ನಡೆಯುವ ಒಂದೇ ಮೆಂಬರ್‌ಶಿಪ್. ಮಂಗಳೂರಿನ ಬಿಜೈಯಲ್ಲಿ ಹೆಸರಿರುವ ಒಂದು ಬ್ರಾಂಡಿನ ಜಿಮ್ ಉಂಟು. ಉಡುಪಿಯಲ್ಲೂ ಅದೇ ಬೋರ್ಡು, ಅದೇ ಬಣ್ಣ. ಶನಿವಾರ ಬೆಳಿಗ್ಗೆ ಹೋಗಿ ವಿಚಾರಿಸಿದೆ.

ಕೌಂಟರಿನ ಹುಡುಗ ತುಂಬ ಚುರುಕು. ವರ್ಷಕ್ಕೆ 21,000 ರೂಪಾಯಿ, ಇವತ್ತೇ ಕಟ್ಟಿದರೆ ಎರಡು ತಿಂಗಳು ಫ್ರೀ ಅಂದ. ಉಡುಪಿಯ ಶಾಖೆಗೂ ಹೋಗಬಹುದಾ ಅಂತ ಕೇಳಿದೆ.

"ಎಲ್ಲಿ ಬೇಕಾದ್ರೂ ಹೋಗಿ ಮೇಡಂ. ಎಲ್ಲ ಒಂದೇ ಕಂಪೆನಿ ಅಲ್ವಾ?"

ಆ 'ಒಂದೇ ಕಂಪೆನಿ' ಅನ್ನುವ ಮಾತಿಗೇ ನನ್ನ ಕೈ ಪರ್ಸಿನಿಂದ ಆಚೆ ಬಂತು. ಹೋದ ವರ್ಷ ನನ್ನ ಭಾವ ಇನ್ನೊಂದು ಬ್ರಾಂಡಿನ ಜಿಮ್ಮಿಗೆ 18,000 ಕಟ್ಟಿದ್ದರು. ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹೋದರೆ ಶಟರ್ ಎಳೆದಿತ್ತು. ಉಳಿದ ಎಂಟು ತಿಂಗಳಿನ 12,000 ವಾಪಸ್ ಕೊಡಿ ಅಂತ ಬ್ರಾಂಡ್ ಕಂಪೆನಿಗೆ ಬರೆದರು. ಆ ಶಾಖೆ ನಮ್ಮದಲ್ಲ, ಸ್ವತಂತ್ರ ಫ್ರಾಂಚೈಸಿಯದ್ದು, ಅಂದರೆ ನಮ್ಮ ಹೆಸರು ಬಳಸುವ ಹಕ್ಕು ಪಡೆದ ಬೇರೆಯವರದ್ದು, ಹಣ ನಮಗೆ ಬಂದಿಲ್ಲ ಅಂತ ಉತ್ತರ ಬಂತು. ಭಾವ ರಸೀದಿ ತೆಗೆದು ನೋಡಿದರೆ ಮೇಲೆ ಬ್ರಾಂಡಿನ ದೊಡ್ಡ ಲೋಗೋ, ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಯಾವುದೋ ಪಾಲುದಾರಿಕೆ ಸಂಸ್ಥೆಯ ಹೆಸರು. ಆಮೇಲೆ ಅವರು ಇಬ್ಬರನ್ನೂ ಎದುರುದಾರರು ಮಾಡಿ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟರು. 5 ಲಕ್ಷದೊಳಗಿನ ದೂರಿಗೆ ಶುಲ್ಕ ಇಲ್ಲ, ಆದರೆ ಓಡಾಟ ತಪ್ಪುವುದಿಲ್ಲ. ಅವತ್ತಿನಿಂದ ಅವರು ಮನೆಯಲ್ಲಿ ಎಲ್ಲರಿಗೂ ಹೇಳುವುದು ಒಂದೇ: "ಬೋರ್ಡು ನೋಡ್ಬೇಡ ಮಾರಾಯ್ತಿ, ಬಿಲ್ಲು ಯಾರ ಹೆಸರಲ್ಲಿ ಉಂಟು ನೋಡು."

ನಾನು ಹುಡುಗನ ಹತ್ತಿರ ಜಿಎಸ್‌ಟಿ ಸರ್ಟಿಫಿಕೇಟ್ ಎಲ್ಲಿ ಅಂತ ಕೇಳಿದೆ. ಜಿಎಸ್‌ಟಿ ನೋಂದಣಿ ಇರುವವರು ಅದನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ತೂಗುಹಾಕಬೇಕು, ನಂಬರನ್ನು ಬಾಗಿಲ ಬಳಿಯ ನಾಮಫಲಕದಲ್ಲಿ ಬರೆಯಬೇಕು. ಮುಖ್ಯ ಜಾಗ ಮಾತ್ರ ಅಲ್ಲ, ಪ್ರತಿಯೊಂದು ಶಾಖೆಯಲ್ಲೂ. ನಿಯಮವೇ ಹಾಗೆ. ಹುಡುಗನಿಗೆ ಗೊತ್ತಿರಲಿಲ್ಲ. ನಾನೇ ಗೋಡೆ ನೋಡುತ್ತ ಒಂದು ಸುತ್ತು ಹೊಡೆದೆ. ತೋಳು ತೋರಿಸುವ ಗಂಡಸರ ಪೋಸ್ಟರ್ ಆರು ಇದ್ದವು. ಸರ್ಟಿಫಿಕೇಟ್ ಇದ್ದದ್ದು ನೀರಿನ ಫಿಲ್ಟರಿನ ಹಿಂದೆ. ಫ್ರೇಮಿನ ಅರ್ಧ ಮಾತ್ರ ಕಾಣುತ್ತಿತ್ತು. ನೀರು ಕುಡಿಯುವ ನೆವದಲ್ಲಿ ಬಗ್ಗಿ ಓದಿದೆ.

ಅದರಲ್ಲಿ ಎರಡು ಹೆಸರು ಇರುತ್ತವೆ. `Trade Name` ಎದುರು ಇರುವುದು ವ್ಯಾಪಾರಕ್ಕೆ ಇಟ್ಟುಕೊಂಡ ಹೆಸರು. ಅದು ಏನೂ ಆಗಿರಬಹುದು, ಬ್ರಾಂಡಿನ ಹೆಸರನ್ನೂ ಸೇರಿಸಿಕೊಂಡಿರಬಹುದು. ನೋಡಬೇಕಾದ್ದು `Legal Name`. ಇಲ್ಲಿ ಆ ಜಾಗದಲ್ಲಿ ಕಂಪೆನಿ ಇರಲಿಲ್ಲ, ಒಬ್ಬ ಮನುಷ್ಯನ ಹೆಸರು ಇತ್ತು. ಕೆಳಗೆ `Constitution of Business` ಎದುರು `Proprietorship` ಅಂತ ಇತ್ತು. ಅಂದರೆ ಈ ಜಿಮ್ಮಿನ ಲಾಭ, ನಷ್ಟ, ಸಾಲ ಎಲ್ಲ ಆ ಒಬ್ಬರದ್ದು.

ಸರ್ಟಿಫಿಕೇಟ್ ಸಿಗದಿದ್ದರೂ ನಂಬರ್ ಒಂದು ಸಿಕ್ಕಿದರೆ ಸಾಕು. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ, ಅಂಕಿ ಇರುತ್ತವೆ. ಈ ಜಿಮ್ಮಿನದ್ದು ಹೀಗೆ ಇತ್ತು (ಪೂರ್ತಿ ಬರೆಯುವುದಿಲ್ಲ):

```
29xxxPxxxxxx1Zx
```

ಮೊದಲಿನ 29 ಕರ್ನಾಟಕ. ಆಮೇಲಿನ ಹತ್ತು ಮಾಲೀಕರ ಪ್ಯಾನ್ ನಂಬರ್, ಹಾಗೆಯೇ ಎತ್ತಿ ಇಟ್ಟದ್ದು. ಪ್ಯಾನಿನ ನಾಲ್ಕನೇ ಅಕ್ಷರ ಅದು ಯಾರದ್ದು ಅಂತ ಹೇಳುತ್ತದೆ. ಅಂದರೆ ಜಿಎಸ್‌ಟಿ ನಂಬರಿನಲ್ಲಿ ಎಡದಿಂದ ಆರನೆಯದು. P ಇದ್ದರೆ ಒಬ್ಬ ವ್ಯಕ್ತಿ. F ಇದ್ದರೆ ಪಾಲುದಾರಿಕೆ ಸಂಸ್ಥೆ; ಭಾವನ ರಸೀದಿಯಲ್ಲಿ ಇದ್ದದ್ದು ಇದೇ. C ಇದ್ದರೆ ಕಂಪೆನಿ. ಆರನೇ ಅಕ್ಷರ P ಅಥವಾ F ಇದ್ದು, ಬ್ರಾಂಡಿನವರು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಬಿಲ್ಲು ಕೊಡುವವರು ಬೇರೆಯವರೇ.

ಕೌಂಟರಿನ ಮೇಲಿನ ಕ್ಯೂಆರ್ ಕೋಡನ್ನೂ ಸುಮ್ನೆ ಸ್ಕ್ಯಾನ್ ಮಾಡಿದೆ. ಹಣ ಹಾಕಲಿಲ್ಲ. ಪರದೆಯ ಮೇಲೆ ಬಂದದ್ದು ಸರ್ಟಿಫಿಕೇಟಿನಲ್ಲಿದ್ದ ಅದೇ ಮನುಷ್ಯನ ಹೆಸರು.

"ಇದು ಫ್ರಾಂಚೈಸಿ ಅಲ್ವಾ?" ಅಂದೆ.

ಹುಡುಗನಿಗೆ ಸ್ವಲ್ಪ ಕಸಿವಿಸಿ ಆಯಿತು. "ಇದು ಹೌದು ಮೇಡಂ. ಆದ್ರೆ ಉಡುಪಿಯದ್ದು ಕಂಪೆನಿಯದ್ದೇ."

ಉಡುಪಿಯ ಶಾಖೆಗೆ ನನ್ನ ಆಫೀಸಿನ ಗೆಳತಿ ಹೋಗುತ್ತಾಳೆ. ಅಲ್ಲಿಯೇ ನಿಂತು ಅವಳಿಗೆ ಮೆಸೇಜ್ ಹಾಕಿ ಬಿಲ್ಲಿನ ಫೋಟೋ ತರಿಸಿಕೊಂಡೆ. ಅದರಲ್ಲಿ ಒಂದು ಪ್ರೈವೇಟ್ ಲಿಮಿಟೆಡ್ ಹೆಸರು ಇತ್ತು. ಆರನೇ ಅಕ್ಷರ C. ಹುಡುಗ ಗೆದ್ದ ಹಾಗೆ ನಕ್ಕ. ನನಗೂ ಒಂದು ನಿಮಿಷ ಹಾಗೆಯೇ ಅನಿಸಿತು.

ಎಲ್ಲರೂ ಎಡವುವುದು ಇಲ್ಲಿಯೇ. C ಅಂದರೆ ಯಾವುದೋ ಒಂದು ಕಂಪೆನಿ, ಅಷ್ಟೇ. ಅದು ಬ್ರಾಂಡಿನ ಕಂಪೆನಿಯೇ ಆಗಬೇಕೆಂದು ಇಲ್ಲ. ಗಂಡ ಹೆಂಡತಿ ಇಬ್ಬರೇ ಸೇರಿ ಪ್ರೈವೇಟ್ ಲಿಮಿಟೆಡ್ ಮಾಡಿ ಫ್ರಾಂಚೈಸಿ ತೆಗೆದುಕೊಳ್ಳಬಹುದು. ದೊಡ್ಡ ಮಟ್ಟದಲ್ಲೂ ಇದೇ ಕಥೆ. ನಮ್ಮ ಕಡೆಯ ಮೆಕ್‌ಡೊನಾಲ್ಡ್ಸ್ ಬಿಲ್ಲು ನೋಡಿ, ಹಾರ್ಡ್‌ಕ್ಯಾಸಲ್ ರೆಸ್ಟೋರೆಂಟ್ಸ್ ಅಂತ ಇರುತ್ತದೆ. ಡೊಮಿನೋಸ್ ನಡೆಸುವವರು ಜುಬಿಲೆಂಟ್ ಫುಡ್‌ವರ್ಕ್ಸ್. ಇವೆಲ್ಲ ಭಾರತದ ಕಂಪೆನಿಗಳು, ಅಮೆರಿಕದ ಹೆಸರನ್ನು ಬಳಸುವ ಹಕ್ಕು ಪಡೆದವರು. ಒಂದೇ ಕಂಪೆನಿ ನೂರಾರು ಅಂಗಡಿ ನಡೆಸುವಾಗ ಗ್ರಾಹಕರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದೇ ಅಂಗಡಿಯ ಕಂಪೆನಿ ಆದರೆ ಗೊತ್ತಾಗುತ್ತದೆ, ಶಟರ್ ಎಳೆದ ದಿನ.

ಹಾಗಾಗಿ ಹೋಲಿಸಿ ನೋಡಲು ಬ್ರಾಂಡ್ ಕಂಪೆನಿಯ ಸ್ವಂತ ನಂಬರ್ ಬೇಕಿತ್ತು. ಬ್ರಾಂಡಿನ ವೆಬ್‌ಸೈಟಿನಲ್ಲಿ ಯಾರೂ ಓದದ ನಿಯಮಗಳ ಪುಟದಲ್ಲಿ ಕಂಪೆನಿಯ ಪೂರ್ತಿ ಹೆಸರು ಇತ್ತು. ಬೆಂಗಳೂರಿನಲ್ಲಿ ಇರುವ ಅಕ್ಕನ ಮಗಳು ಅದೇ ಬ್ರಾಂಡಿನ ಜಿಮ್ಮಿಗೆ ಹೋಗುತ್ತಾಳೆ. ಅವಳ ಬಿಲ್ಲಿನಲ್ಲಿ ಅದೇ ಹೆಸರು. ಅಂದರೆ ಅವಳದ್ದು ನಿಜವಾಗಿ ಕಂಪೆನಿಯ ಶಾಖೆ. ಈಗ ಅವಳ ಬಿಲ್ಲು, ಗೆಳತಿಯ ಬಿಲ್ಲು ಎರಡನ್ನೂ ಫೋನಿನಲ್ಲಿ ಒಂದರ ಕೆಳಗೆ ಒಂದು ಇಟ್ಟೆ. ಒಂದೇ ಮಾಲೀಕರಾದರೆ ರಾಜ್ಯ ಬೇರೆಯಾದಾಗ ಮೊದಲಿನ ಎರಡು ಅಂಕಿ ಬದಲಾಗುತ್ತವೆ, ಮಧ್ಯದ ಹತ್ತು ಬದಲಾಗುವುದಿಲ್ಲ. ಇಲ್ಲಿ ಎರಡೂ 29. ಮಧ್ಯದ ಹತ್ತು ಬೇರೆ ಬೇರೆ.

ಖಾತ್ರಿಗೆ `services.gst.gov.in` ತೆರೆದು `Search Taxpayer` ಒಳಗೆ ಉಡುಪಿಯ ನಂಬರ್ ಹಾಕಿದೆ. ಲಾಗಿನ್ ಬೇಡ, ಕ್ಯಾಪ್ಚಾ ಒಂದು ಹಾಕಿದರೆ ಆಯಿತು. ಮುಖ್ಯ ಜಾಗದ ವಿಳಾಸ ಉಡುಪಿಯದ್ದೇ, ಆ ಜಿಮ್ ಇರುವ ಕಟ್ಟಡವೇ. ಬೆಂಗಳೂರಿನ ಬ್ರಾಂಡಿಗೆ ಉಡುಪಿಯ ಒಂದು ಮಹಡಿ ಮುಖ್ಯ ಜಾಗ ಆಗಲು ಸಾಧ್ಯವೇ ಇಲ್ಲ. ಅಲ್ಲಿಗೆ ಒಂದು ಬ್ರಾಂಡು, ಎರಡು ಊರು, ಇಬ್ಬರು ಮಾಲೀಕರು.

ಅಷ್ಟರಲ್ಲಿ ಮಾಲೀಕರೇ ಬಂದರು, ನಲವತ್ತರ ಆಸುಪಾಸಿನವರು. ಹುಡುಗ ನನ್ನನ್ನು ಇನ್‌ಕಮ್ ಟ್ಯಾಕ್ಸಿನವರು ಅಂತ ಹೇಳಿದ್ದನೋ ಏನೋ, ಕುರ್ಚಿ ಎಳೆದು ಕೂರಿಸಿ ಕಾಫಿ ತರಿಸಿದರು. ಮನುಷ್ಯ ಒಳ್ಳೆಯವರು, ಮುಚ್ಚಿಡಲಿಲ್ಲ. "ಹೌದು ಮೇಡಂ, ಬಾಡಿಗೆ ನನ್ನದು, ಮೆಷಿನ್ ನನ್ನದು, ಸಂಬಳ ನನ್ನದು. ಹೆಸರಿಗೆ ರಾಯಲ್ಟಿ ಕೊಡ್ತೇನೆ."

"ಅಗ್ರಿಮೆಂಟ್ ಇನ್ನೆಷ್ಟು ವರ್ಷ ಉಂಟು?"

ಅವರು ನನ್ನ ಮುಖ ನೋಡಿದರು. "ಹದಿಮೂರು ತಿಂಗಳು. ಮುಂದುವರಿಸುವುದಾ ಬೇಡವಾ ಅಂತ ಇನ್ನೂ ಯೋಚಿಸಿಲ್ಲ."

ನನಗೆ ಕೊಡುತ್ತಿದ್ದದ್ದು ಹದಿನಾಲ್ಕು ತಿಂಗಳಿನ ಮೆಂಬರ್‌ಶಿಪ್. ಅಗ್ರಿಮೆಂಟ್ ಮುಗಿದರೂ ಜಿಮ್ ಬೇರೆ ಹೆಸರಿನಲ್ಲಿ ನಡೆಯಬಹುದು. ಆದರೆ ಆ ದಿನ ಉಡುಪಿಯ ಬಾಗಿಲು ನನಗೆ ಮುಚ್ಚುತ್ತದೆ. ಅದನ್ನು ಹೇಳಿದಾಗ ಅವರು ಇನ್ನೊಂದು ವಿಷಯ ಹೊರಗೆ ಹಾಕಿದರು. ಈಗಲೂ ಒಂದು ಶಾಖೆಯ ಸದಸ್ಯರು ಇನ್ನೊಂದಕ್ಕೆ ತಿಂಗಳಿಗೆ ನಾಲ್ಕು ದಿನ ಮಾತ್ರ ಹೋಗಬಹುದಂತೆ. ನನಗೆ ಉಡುಪಿಯಲ್ಲಿ ಬೇಕಿದ್ದದ್ದು ವಾರಕ್ಕೆ ಐದು ದಿನ! ಫಾರ್ಮ್ ತಿರುಗಿಸಿ ನೋಡಿದರೆ ಅದೂ ಇತ್ತು. ಅದರ ಮೇಲಿನ ಸಾಲಿನಲ್ಲಿ, ಪ್ರತಿ ಕೇಂದ್ರವೂ ಸ್ವತಂತ್ರ ಮಾಲೀಕತ್ವದ್ದು, ಹಣಕ್ಕೆ ಬ್ರಾಂಡ್ ಹೊಣೆ ಅಲ್ಲ ಅಂತಲೂ ಇತ್ತು. ನಾನು ಇಷ್ಟು ಪತ್ತೇದಾರಿ ಮಾಡುವ ಬದಲು ಮೊದಲು ಫಾರ್ಮಿನ ಹಿಂಬದಿ ಓದಬಹುದಿತ್ತು.

ಸಂಜೆ ಇದನ್ನೆಲ್ಲ ಕಾರ್ಕಳದ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಅಣ್ಣ ಅಂದರೆ ದೊಡ್ಡಮ್ಮನ ಮಗ, ಒಂದು ಚಪ್ಪಲಿ ಬ್ರಾಂಡಿನ ಅಂಗಡಿ ಇಟ್ಟಿದ್ದಾನೆ. ಅವನು ನಕ್ಕ. "ನಿನ್ನ ಲೆಕ್ಕ ನನ್ನ ಅಂಗಡಿಯಲ್ಲಿ ನಡೆಯುವುದಿಲ್ಲ" ಅಂದ. ಅವನ ಬಿಲ್ಲಿನಲ್ಲಿ ಇರುವುದು ಕಂಪೆನಿಯದ್ದೇ ಜಿಎಸ್‌ಟಿ ನಂಬರ್. ಕ್ಯೂಆರ್ ಕೋಡೂ ಕಂಪೆನಿಯದ್ದು. ಚಪ್ಪಲಿ ಎಲ್ಲ ಕಂಪೆನಿಯ ಸ್ಟಾಕ್, ಮಾರಿದ್ದಕ್ಕೆ ಇವನಿಗೆ ಕಮಿಷನ್. ಆದರೆ ಬಾಡಿಗೆ, ಕರೆಂಟು, ಹುಡುಗರ ಸಂಬಳ ಇವನದ್ದು. ಇಂಥ ಕಡೆ ಬಿಲ್ಲು ನೋಡಿದರೆ ಕಂಪೆನಿಯ ಸ್ವಂತ ಅಂಗಡಿ ಅನಿಸುತ್ತದೆ. ಗೋಡೆಯಲ್ಲಿರುವ ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ ಪತ್ರ ನೋಡಿದರೆ ಮಾಲೀಕನ ಜಾಗದಲ್ಲಿ ಅಣ್ಣನ ಹೆಸರು. ಚಪ್ಪಲಿ ಕೊಳ್ಳುವವರಿಗೆ ಬಿಲ್ಲು ಮುಖ್ಯ, ಹಣ ಹೋದದ್ದು ಕಂಪೆನಿಗೆ. ಅಲ್ಲಿ ಕೆಲಸಕ್ಕೆ ಸೇರುವ ಹುಡುಗನಿಗೆ ಆ ಪತ್ರ ಮುಖ್ಯ, ಸಂಬಳ ನಿಂತರೆ ಅವನು ಕೇಳಬೇಕಾದ್ದು ಅಣ್ಣನನ್ನು.

ಸೋಮವಾರ ಉಡುಪಿಯ ಶಾಖೆಗೆ ಹೋಗಿ ಮೂರು ತಿಂಗಳಿಗೆ ಮಾತ್ರ ಕಟ್ಟಿದೆ, 7,500. ವರ್ಷದ ಲೆಕ್ಕಕ್ಕೆ ನೋಡಿದರೆ ಜಾಸ್ತಿಯೇ. ಜಿಮ್ ಮುಚ್ಚಿದರೂ ಹೋಗುವುದು ಅಷ್ಟರೊಳಗೆ. ರಸೀದಿಯಲ್ಲಿ ಆ ಪ್ರೈವೇಟ್ ಲಿಮಿಟೆಡ್ ಹೆಸರು, ನಂಬರ್ ಎರಡೂ ಇವೆಯಾ ಅಂತ ನೋಡಿ ಫೋಟೋ ತೆಗೆದು ಭಾವನಿಗೆ ಕಳಿಸಿದೆ. "C ಉಂಟಲ್ಲ, ಕಂಪೆನಿಯದ್ದಾ?" ಅಂತ ಉತ್ತರ ಬಂತು. ಫೋನಿನಲ್ಲಿ ಅರ್ಧ ಗಂಟೆ ವಿವರಿಸಬೇಕಾಯಿತು.

ಹೋದ ಶನಿವಾರ ನಾಲ್ಕು ದಿನಗಳಲ್ಲಿ ಒಂದನ್ನು ಬಳಸಿಕೊಳ್ಳಲು ಬಿಜೈಗೆ ಹೋಗಿದ್ದೆ. ಫಿಲ್ಟರ್ ಅಲ್ಲೇ ಇತ್ತು. ಸರ್ಟಿಫಿಕೇಟನ್ನು ಮಾತ್ರ ಒಂದು ಅಡಿ ಮೇಲಕ್ಕೆ ಏರಿಸಿ ಮೊಳೆ ಹೊಡೆದಿದ್ದರು.