ಫೋನ್ ಸಂದರ್ಶನ ಮುಗಿದ ಮೇಲೆ ಬರೆದ ಪತ್ರ

2025 ಜುಲೈ 9, ಬುಧವಾರ, ತೀರ್ಥಹಳ್ಳಿ

ಬೆಳಿಗ್ಗೆ ಹನ್ನೊಂದಕ್ಕೆ ಶಿವಮೊಗ್ಗದಿಂದ ಫೋನ್ ಬಂತು. ಅಕೌಂಟ್ಸ್ ಸಹಾಯಕರ ಕೆಲಸಕ್ಕೆ ಮೊದಲ ಸುತ್ತು. ಮಳೆ ಜೋರಾಗಿತ್ತು. ಮನೆಯ ಶೀಟಿನ ಸದ್ದಿಗೆ ಮಾತು ಅರ್ಧಂಬರ್ಧ ಕೇಳುತ್ತಿತ್ತು. ಮೇಡಂ ಕೊನೆಗೆ ಏನೋ ಕೇಳಿದರು. ನನ್ನ ಕಿವಿಗೆ ಬಿದ್ದದ್ದು "ರಿಟರ್ನ್", "ನೀವೇ" ಅಷ್ಟೇ. ಹೌದು ಅಂದುಬಿಟ್ಟೆ. "ಮೂರು ವರ್ಷ ಒಬ್ಬರೇ ಫೈಲ್ ಮಾಡಿದ್ದೀರಲ್ಲ, ಒಳ್ಳೇದಾಯ್ತು" ಎಂದು ಫೋನ್ ಇಟ್ಟರು. ಆಗ ಗೊತ್ತಾಯಿತು, ಅವರು ತಿಳಿದುಕೊಂಡದ್ದೇ ಬೇರೆ ಅಂತ.

ನಾನಿರುವುದು ಪಂಪು, ಪೈಪು ಮಾರುವ ಅಂಗಡಿಯಲ್ಲಿ. ಮಾರಾಟದ ಬಿಲ್ಲುಗಳನ್ನು ಟ್ಯಾಲಿಗೆ ಹಾಕಿ ಮಾರಾಟದ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-1 ಸಿದ್ಧ ಮಾಡುತ್ತೇನೆ. ಅದಕ್ಕೆ ಪ್ರತಿ ತಿಂಗಳು 11 ಕೊನೆ ದಿನ. 14ಕ್ಕೆ, ಸರಕು ಕೊಟ್ಟವರು ಹಾಕಿದ ಬಿಲ್ಲುಗಳ ಪಟ್ಟಿಯಾದ 2ಬಿ ಬಂದ ಮೇಲೆ ನಮ್ಮ ಖರೀದಿ ಬಿಲ್ಲುಗಳನ್ನು ಅದರ ಜೊತೆ ಒಂದೊಂದಾಗಿ ತಾಳೆ ನೋಡುತ್ತೇನೆ. ಸರಕು ಕೊಟ್ಟವರು ಒಂದು ಬಿಲ್ ಹಾಕದೆ ಬಿಟ್ಟಿದ್ದರೆ ಅದರ ತೆರಿಗೆ ನಮಗೆ ಜಮಾ ಸಿಗುವುದಿಲ್ಲ. ಫೋನ್ ಮಾಡಿ ಹಾಕಿಸುವುದೂ ನನ್ನದೇ ಕೆಲಸ. ಆದರೆ ತೆರಿಗೆ ಕಟ್ಟುವ ರಿಟರ್ನ್ ಆದ 3ಬಿಯ ಲೆಕ್ಕ ಪರಿಶೀಲಿಸುವುದು ಆಡಿಟರ್. ಮಾಲೀಕರ ಮೊಬೈಲಿಗೆ ಒಟಿಪಿ ಬಂದ ಮೇಲೆ ಸಲ್ಲಿಸುವುದೂ ಅವರೇ. ತಯಾರಿ ಬೇರೆ, ಫೈಲಿಂಗ್ ಬೇರೆ.

"ಹೇಳದೆ ಬಿಟ್ಟರೆ ಏನಾಗತ್ತೆ? ಅವರೇ ತಪ್ಪು ತಿಳ್ಕೊಂಡಿದ್ದಲ್ವಾ" ಅಂದಳು ಅಕ್ಕ. ಮುಂದಿನ ಸುತ್ತಿನಲ್ಲಿ ಕೂರುವವರು ಅಕೌಂಟ್ಸ್ ಮ್ಯಾನೇಜರ್. ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಟಿಸ್ ಬಂದಾಗ ಏನು ಮಾಡಿದಿರಿ ಅಂತ ಒಂದು ಪ್ರಶ್ನೆ ಕೇಳಿದರೆ ಸಾಕು, ಗೊತ್ತಾಗಿಬಿಡುತ್ತದೆ. ಆಮೇಲೆ ನಾನು ಮಾಡಿದ ಕೆಲಸವನ್ನೂ ಅವರು ನಂಬುವುದಿಲ್ಲ.

ಮಧ್ಯಾಹ್ನ ಕೂತು ಬರೆದೆ. ಮೊದಲ ಸಲ ಒಂದು ಪುಟವಾಯಿತು. ಮಳೆ, ಸಿಗ್ನಲ್, ಕ್ಷಮೆ ಎಲ್ಲ ಇತ್ತು. "ನೀವು ತಪ್ಪಾಗಿ ತಿಳಿದಿರಿ" ಅನ್ನೋ ಸಾಲೂ ಇತ್ತು. ಅದನ್ನು ತೆಗೆದು ನನ್ನ ಮೇಲೆ ಹಾಕಿಕೊಂಡೆ, ಯಾಕೆಂದರೆ ಕೇಳಿಸದೆ ಹೌದು ಅಂದವಳು ನಾನೇ. ಸಂಬಳದ ಮಾತನ್ನೂ ತೆಗೆದೆ. ಎರಡು ವಿಷಯ ಕೂಡಿದರೆ ತಿದ್ದುಪಡಿ ಕಣ್ಣಿಗೆ ಬೀಳುವುದಿಲ್ಲ. ಸಂದರ್ಶನದ ಸಮಯ ತಿಳಿಸಿದ್ದ ಮೇಲ್‌ಗೇ ಉತ್ತರ ಕೊಟ್ಟೆ, ನಾನು ಯಾರು ಅಂತ ಅವರು ಹುಡುಕಬೇಕಾಗದಿರಲಿ ಅಂತ. ಉಳಿದದ್ದು ಇಷ್ಟು:

"ನಮಸ್ಕಾರ ಮೇಡಂ. ಇವತ್ತು ಮಾತಾಡಿದ್ದಕ್ಕೆ ಧನ್ಯವಾದ. ಒಂದು ವಿಷಯ ನಾನು ಸರಿಯಾಗಿ ಹೇಳಲಿಲ್ಲ. ಮೂರು ವರ್ಷದಿಂದ ನಾನು ಮಾಡುತ್ತಿರುವುದು ಜಿಎಸ್‌ಟಿ ರಿಟರ್ನ್ ತಯಾರಿ ಮತ್ತು 2ಬಿ ತಾಳೆ. ಸಲ್ಲಿಸುವುದು ನಮ್ಮ ಆಡಿಟರ್, ನಾನಲ್ಲ. ಖರೀದಿ ಬಿಲ್ ತಾಳೆ ನೋಡುವುದೇ ಈ ಹುದ್ದೆಯ ಮುಖ್ಯ ಕೆಲಸ ಎಂದಿರಿ. ಅದು ನನಗೆ ಚೆನ್ನಾಗಿ ಬರುತ್ತದೆ, ಹಾಗಾಗಿ ಈ ಕೆಲಸದಲ್ಲಿ ನನಗೆ ತುಂಬಾ ಆಸಕ್ತಿ ಇದೆ. ಫೈಲಿಂಗ್ ಅನುಭವ ಕಡ್ಡಾಯವಾಗಿದ್ದರೆ ದಯವಿಟ್ಟು ತಿಳಿಸಿ."

ಕೊನೆಯ ಸಾಲು ಇರಲಿ, ಬೇಡ ಅಂತ ಎರಡು ಸಲ ಅಳಿಸಿ ಮತ್ತೆ ಬರೆದೆ. ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಕೊಡೆ ಹಿಡಿದು ಬಸ್ ಸ್ಟ್ಯಾಂಡ್ ತನಕ ನಡೆದೆ. ಐದೂ ಮುಕ್ಕಾಲಿಗೆ ಮೇಲ್ ಹೋಯಿತು.