ಬೆಳಗಿನ ಶಿಫ್ಟ್‌ನಲ್ಲಿ ಮೊದಲು ಸ್ಲೈಡ್ ನೋಡಬೇಕಾ, ಶುಗರ್ ಮುಗಿಸಬೇಕಾ?

ನಾನು ಆಸ್ಪತ್ರೆಯೊಂದರ ಲ್ಯಾಬ್ ಟೆಕ್ನಿಷಿಯನ್. ಬೆಳಿಗ್ಗೆ 8ಕ್ಕೆ ಬಂದರೆ ವಾರ್ಡಿನ ಟ್ಯೂಬ್‌ಗಳು ಆಗಲೇ ರ‍್ಯಾಕಿನಲ್ಲಿ ಕಾಯುತ್ತಿರುತ್ತವೆ. ಶುಗರ್, ಯೂರಿನ್, ಕ್ರಿಯಾಟಿನಿನ್ ಎಲ್ಲ ಸುಲಭ. ಕಷ್ಟದ್ದು ಅಂದರೆ ರಕ್ತದ ಸ್ಲೈಡ್ ಓದುವುದು. ಮೈಕ್ರೋಸ್ಕೋಪ್ ಮುಂದೆ ಕೂತು ಒಂದೊಂದೇ ಕಣ ನೋಡಬೇಕು. ನಡುವೆ ಯಾರಾದರೂ ಕರೆದರೆ ಲೆಕ್ಕ ತಪ್ಪುತ್ತದೆ.

ತುಂಬಾ ದಿನ ನಾನು ಸುಲಭದ್ದನ್ನೇ ಮೊದಲು ಮುಗಿಸುತ್ತಿದ್ದೆ. ಒಂದು ಗಂಟೆಯಲ್ಲಿ ಮೂವತ್ತು ರಿಪೋರ್ಟ್ ಹೋದರೆ ಏನೋ ಸಮಾಧಾನ. ಡೆಂಗ್ಯೂ ಜಾಸ್ತಿ ಇದ್ದ ಒಂದು ಮಳೆಗಾಲದಲ್ಲಿ ಆ ಅಭ್ಯಾಸ ಬದಲಾಯಿತು.

ಅವತ್ತು ಜ್ವರದ ರೋಗಿಯೊಬ್ಬರ ಪ್ಲೇಟ್‌ಲೆಟ್ 42,000 ಅಂತ ಮೆಷಿನ್ ತೋರಿಸಿತು. ಪಕ್ಕದಲ್ಲಿ ಕಣಗಳು ಗುಂಪುಗಟ್ಟಿರಬಹುದು ಎಂಬ ಎಚ್ಚರಿಕೆಯೂ ಇತ್ತು. ಹೀಗೆ ಬಂದರೆ ಸ್ಲೈಡ್ ನೋಡಿಯೇ ರಿಪೋರ್ಟ್ ಕೊಡಬೇಕು. ನಾನು ಗಾಜಿನ ಸ್ಲೈಡ್ ಮೇಲೆ ಒಂದು ಹನಿ ರಕ್ತವನ್ನು ತೆಳುವಾಗಿ ಎಳೆದು ಒಣಗಲು ಇಟ್ಟೆ, ಆಮೇಲೆ ನೋಡೋಣ ಅಂತ ಶುಗರ್‌ಗಳ ಕಡೆ ತಿರುಗಿದೆ. ಒಂಬತ್ತೂವರೆಗೆ ವಾರ್ಡಿನಿಂದ ಸಿಸ್ಟರ್ ಫೋನ್ ಮಾಡಿದರು. ಅವಸರದಲ್ಲಿ ನಂಬರ್ ಹೇಳಿಬಿಟ್ಟೆ. ಸ್ಲೈಡ್ ಇನ್ನೂ ನೋಡಿಲ್ಲ ಅಂತ ಹೇಳಲಿಲ್ಲ.

ಹನ್ನೊಂದೂವರೆಗೆ ಸ್ಲೈಡ್‌ಗೆ ಬಣ್ಣ ಹಾಕಿ ನೋಡಿದೆ. ರಕ್ತದ ಪೊರೆ ತೆಳುವಾಗಿ ಮುಗಿಯುವ ತುದಿಯಲ್ಲಿ ಪ್ಲೇಟ್‌ಲೆಟ್‌ಗಳು ಗುಂಪು ಗುಂಪಾಗಿ ಅಂಟಿಕೊಂಡಿದ್ದವು. ರಕ್ತ ಹೆಪ್ಪುಗಟ್ಟದಿರಲಿ ಅಂತ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಹಾಕಿರುವ ಇಡಿಟಿಎ ಕೆಲವರ ರಕ್ತದಲ್ಲಿ ಹೀಗೆ ಮಾಡುತ್ತದೆ. ಇದು ಆಗುವುದು ಟ್ಯೂಬಿನೊಳಗೆ ಮಾತ್ರ, ಮೈಯೊಳಗೆ ಅಲ್ಲ. ಒಂದು ಗುಂಪಿನಲ್ಲಿ ಎಷ್ಟೇ ಪ್ಲೇಟ್‌ಲೆಟ್ ಇದ್ದರೂ ಮೆಷಿನ್ ಅವನ್ನು ಬಿಡಿಬಿಡಿಯಾಗಿ ಎಣಿಸಲಾರದು, ಹಾಗಾಗಿ ಲೆಕ್ಕ ಕಡಿಮೆ ಬರುತ್ತದೆ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತರಿಸಿದೆ. 1,69,000 ಬಂತು. ಅದರಲ್ಲಿ ಸಿಟ್ರೇಟ್ ದ್ರವವೂ ಸೇರಿರುವುದರಿಂದ 1.1ರಿಂದ ಗುಣಿಸಬೇಕು. ಸುಮಾರು 1,86,000 ಆಯಿತು. ಅಷ್ಟರಲ್ಲಿ ಆ ರೋಗಿಯ ಮನೆಯವರು ಪ್ಲೇಟ್‌ಲೆಟ್ ಕೊಡುವವರನ್ನು ಹುಡುಕುತ್ತಾ ಊರೆಲ್ಲ ಓಡಾಡುತ್ತಿದ್ದರು. ಆ ಎರಡು ಗಂಟೆ ನನಗೆ ಇವತ್ತಿಗೂ ನೋವು ಕೊಡುತ್ತದೆ. (ಸಿಟ್ರೇಟ್‌ನಲ್ಲೂ ಗುಂಪುಗಟ್ಟುವವರಿದ್ದಾರೆ. ಅಂಥವರಿಗೆ ರಕ್ತ ತೆಗೆದ ಕೂಡಲೇ ಎಣಿಸಬೇಕಾಗುತ್ತದೆ.)

ಈಗ ನಾನು ಎಚ್ಚರಿಕೆ ಬಂದ ಸ್ಲೈಡ್‌ಗಳನ್ನೇ ಮೊದಲು ನೋಡುತ್ತೇನೆ. 9ಕ್ಕೆ ಒಪಿಡಿ ಶುರುವಾದರೆ ಫೋನ್, ಕಿಟಕಿ, ಜನ. ಅದಕ್ಕೆ ಮುಂಚಿನ ಒಂದು ಗಂಟೆಯ ನಿಶ್ಶಬ್ದ ಮತ್ತೆ ಇಡೀ ದಿನ ಸಿಗುವುದಿಲ್ಲ. ಆದರೆ ಕೂರುವ ಮುಂಚೆ ಹತ್ತು ನಿಮಿಷ ಕೆಲವು ಸುಲಭದ ಕೆಲಸ ಮಾಡಿಬಿಡುತ್ತೇನೆ. ರಕ್ತಕಣ ಎಷ್ಟು ಬೇಗ ಕೆಳಗಿಳಿಯುತ್ತದೆ ಅಂತ ನೋಡುವ ಇಎಸ್‌ಆರ್ ಕೊಳವೆಗಳನ್ನು ಸ್ಟ್ಯಾಂಡಿಗೆ ಹಚ್ಚಿ ಟೈಮರ್ ಇಡುತ್ತೇನೆ, ಅದಕ್ಕೆ ಸರಿಯಾಗಿ ಒಂದು ಗಂಟೆ ಬೇಕು. ರಕ್ತ ಹೆಪ್ಪುಗಟ್ಟಿದ ಟ್ಯೂಬ್‌ಗಳನ್ನು, ಜೋರಾಗಿ ತಿರುಗಿಸಿ ಕಣ ಬೇರ್ಪಡಿಸುವ ಸೆಂಟ್ರಿಫ್ಯೂಜ್‌ಗೆ ಹಾಕುತ್ತೇನೆ. ಇವು ತಮ್ಮ ಪಾಡಿಗೆ ನಡೆಯುತ್ತಿರುತ್ತವೆ.

ಇನ್ನೊಂದು ವಿಷಯ. ಸುಲಭದ್ದನ್ನೆಲ್ಲ ಮುಂದೂಡುವ ಹಾಗೂ ಇಲ್ಲ. ಸಾದಾ ಟ್ಯೂಬಿನಲ್ಲಿ ಬಂದ ಶುಗರ್ ಸ್ಯಾಂಪಲಿನ ರಕ್ತಕಣಗಳನ್ನು ಬೇರ್ಪಡಿಸದೆ ಬಿಟ್ಟರೆ ಆ ಕಣಗಳೇ ಸಕ್ಕರೆ ತಿಂದು, ಗಂಟೆಗೆ ಶೇಕಡಾ 5ರಿಂದ 7ರಷ್ಟು ಕಡಿಮೆ ಆಗುತ್ತದೆ. ಯೂರಿನ್ ಕೂಡ ಫ್ರಿಜ್‌ನಲ್ಲಿ ಇಡದಿದ್ದರೆ ಎರಡು ಗಂಟೆಯೊಳಗೆ ನೋಡಬೇಕು.

ಹೊಸದಾಗಿ ಸೇರಿದ ಹುಡುಗಿಗೆ ನಾನು ಇದೇ ಕ್ರಮ ಹೇಳಿಕೊಟ್ಟೆ. ಅದು ತಪ್ಪಾಯಿತು. ಅವಳು ಒಂದೇ ಸ್ಲೈಡ್ ಮುಂದೆ ನಲವತ್ತು ನಿಮಿಷ ಕೂತಳು. ಅಷ್ಟು ಹೊತ್ತೂ ರ‍್ಯಾಕ್ ತುಂಬುತ್ತಾ ಹೋಯಿತು, ಅವಳ ಕೈ ನಡುಗುತ್ತಿತ್ತು. "ಮೇಡಂ, ಇದು ಗುಂಪೋ, ಬಣ್ಣದ ಕೊಳೆಯೋ ಗೊತ್ತಾಗ್ತಿಲ್ಲ" ಅಂದಳು. ಆ ಅನುಮಾನ ಸಹಜ. ಅದನ್ನು ಬಗೆಹರಿಸಲು ಪಕ್ಕದಲ್ಲಿ ತಿಳಿದವರು ಇರಬೇಕು ಅಲ್ವಾ? ಈಗ ಅವಳು ಯೂರಿನ್, ಶುಗರ್‌ನಿಂದ ಶುರು ಮಾಡುತ್ತಾಳೆ. ಸ್ಲೈಡ್‌ಗೆ ಬಣ್ಣ ಹಾಕಿ ಇಟ್ಟಿರುತ್ತಾಳೆ. ನಾನು ನನ್ನವನ್ನು ಮುಗಿಸಿದ ಮೇಲೆ ಇಬ್ಬರೂ ಕೂತು ಅವಳವನ್ನು ನೋಡುತ್ತೇವೆ. ಅಲ್ಲಿಯವರೆಗೆ ಆ ರಿಪೋರ್ಟ್ ಮೇಲೆ "ಸ್ಲೈಡ್ ಬಾಕಿ" ಅಂತ ಬರೆದಿರುತ್ತಾಳೆ. ಫೋನ್ ಬಂದರೂ ನಂಬರ್ ಹೇಳುವುದಿಲ್ಲ.

ನೈಟ್ ಶಿಫ್ಟ್‌ನಲ್ಲಿ ನಾನೇ ಕ್ರಮ ಬದಲಿಸುತ್ತೇನೆ. ರಾತ್ರಿ 8ಕ್ಕೆ ಎಮರ್ಜೆನ್ಸಿ ಟ್ಯೂಬ್‌ಗಳು ಒಂದರ ಹಿಂದೆ ಒಂದು ಬರುತ್ತಿರುತ್ತವೆ, ಆಗ ಮೈಕ್ರೋಸ್ಕೋಪ್ ಮುಂದೆ ಕೂರಲು ಆಗುವುದಿಲ್ಲ. ಅವನ್ನು ಮುಗಿಸಿ ಹತ್ತೂವರೆ, ಹನ್ನೊಂದಕ್ಕೆ ಸ್ಲೈಡ್ ಹಿಡಿಯುತ್ತೇನೆ. ಆದರೆ ಪ್ಲೇಟ್‌ಲೆಟ್ ಎಚ್ಚರಿಕೆ ಬಂದರೆ ಅಷ್ಟು ಹೊತ್ತು ಕಾಯಿಸುವುದಿಲ್ಲ. ಉಳಿದವನ್ನೂ ಬೆಳಗಿನ ಜಾವ ಮೂರು, ನಾಲ್ಕು ಗಂಟೆಗೆ ಇಟ್ಟುಕೊಳ್ಳುವುದಿಲ್ಲ. ಆ ಹೊತ್ತಿನಲ್ಲಿ ನೋಡಿದ ಒಂದೆರಡು ಸ್ಲೈಡನ್ನು ಬೆಳಿಗ್ಗೆ ಮತ್ತೆ ನೋಡಿದಾಗ ಬೇರೆಯೇ ಕಂಡಿದ್ದವು.